ಆನ್‌ಲೈನಿನಲ್ಲಿ ತರಿಸಿದ ಅಂಗಿ ಬಿಗಿಯಾದರೆ: ದೊಡ್ಡ ಸೈಜಿಗೆ ಬದಲಿಸಿಕೊಡಿ ಎಂದು ಅಳತೆ ಸಮೇತ ಪತ್ರ ಬರೆಯುವ ಕ್ರಮ

ಶಿರಸಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಪಹಣಿ, ಅರ್ಜಿ, ಪ್ರಿಂಟು ಇವುಗಳ ಜೊತೆ ಈಗೀಗ ಇನ್ನೊಂದು ಕೆಲಸ ಸೇರಿಕೊಂಡಿದೆ. ಆನ್‌ಲೈನಿನಲ್ಲಿ ತರಿಸಿದ ಅಂಗಿಯನ್ನು ಕೊಟ್ಟೆಯಲ್ಲಿ ಹಾಕಿಕೊಂಡು ಬರುತ್ತಾರೆ. "ಬಿಗಿ ಆಗ್ತು, ದೊಡ್ಡದು ಕಳ್ಸು ಹೇಳಿ ಒಂದು ಮೇಲ್ ಹಾಕು ಮಾರಾಯ" ಅನ್ನುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ಜನ ಆಗಲೇ ತಾವೇ ಒಂದು ಸಲ ಬರೆದು ಸೋತಿರುತ್ತಾರೆ. ಮೊಬೈಲ್ ಇಸಿದುಕೊಂಡು ನೋಡಿದರೆ ಎಲ್ಲರದ್ದೂ ಒಂದೇ ಸಾಲು: "ಅಂಗಿ ತುಂಬಾ ಬಿಗಿ, ದೊಡ್ಡ ಸೈಜ್ ಕಳಿಸಿ." ಬಂದ ಉತ್ತರವೂ ಒಂದೇ: "ನಮ್ಮ ಸೈಜ್ ಚಾರ್ಟ್ ನೋಡಿ ಆರ್ಡರ್ ಮಾಡಬೇಕಿತ್ತು." ಇಲ್ಲವಾದರೆ ಒಂದು ಸೈಜ್ ದೊಡ್ಡದು ಬರುತ್ತದೆ, ಅದೂ ಹೊಟ್ಟೆಯ ಹತ್ತಿರ ಬಿಗಿ. ಎರಡನೇ ಸಲ ಬದಲಿಸಿಕೊಡುವವರು ಕಡಿಮೆ.

ಬಿಗಿ ಅನ್ನುವುದು ನಿಮ್ಮ ಮೈಗೆ ಗೊತ್ತು, ಎಲ್ಲೋ ಕೂತ ಮಾರಾಟಗಾರನಿಗೆ ಗೊತ್ತಾಗುವುದಿಲ್ಲ. ಅವನಿಗೆ ಮೂರು ಅಳತೆ ಬೇಕು: ಅವನದೇ ಚಾರ್ಟ್ ಹೇಳಿದ್ದು, ನಿಮಗೆ ಬಂದ ಅಂಗಿಯದ್ದು, ನಿಮಗೆ ಸರಿಯಾಗಿ ಕೂರುವ ಹಳೇ ಅಂಗಿಯದ್ದು. ಈ ಮೂರನ್ನು ಅಕ್ಕಪಕ್ಕ ಇಟ್ಟು ಬರೆಯುವುದು ಹೇಗೆ ಅಂತ ಒಂದು ನಿಜವಾದ ಅಂಗಿಯನ್ನೇ ಹಿಡಿದು ಹೇಳುತ್ತೇನೆ. ಹುಲೇಕಲ್ ಕಡೆಯ ಅಡಿಕೆ ಬೆಳೆಗಾರರೊಬ್ಬರು ಅಣ್ಣನ ಮಗನ ಉಪನಯನಕ್ಕೆ ಉಡಲು ಬಿಳಿ ಹತ್ತಿಯ ತುಂಬುತೋಳಿನ ಅಂಗಿ ತರಿಸಿದ್ದರು. ಸೈಜ್ 40. ಮಾರಿದವರು ತಮ್ಮದೇ ವೆಬ್‌ಸೈಟ್ ಇಟ್ಟುಕೊಂಡ ಸಣ್ಣ ವ್ಯಾಪಾರಿ.

(ದೊಡ್ಡ ಆ್ಯಪ್‌ಗಳಲ್ಲಿ ತರಿಸಿದ್ದರೆ ಮೇಲ್ ಹಾಕುತ್ತ ಕೂರಬೇಡಿ. ಆರ್ಡರಿನ ಕೆಳಗೇ ಬದಲಾವಣೆಯ ಬಟನ್ ಇರುತ್ತದೆ, ಅದನ್ನೇ ಒತ್ತಬೇಕು. ಕಾರಣ ಬರೆಯುವ ಜಾಗದಲ್ಲಿ ಮುಂದೆ ಕೊಟ್ಟಿರುವ ಪತ್ರದ ಅಳತೆಯ ಸಾಲುಗಳನ್ನು ಹಾಕಿದರೆ ಸಾಕು.)

## ಬೇಕಾಗುವ ಸಾಮಾನು

ದರ್ಜಿಗಳು ಬಳಸುವ ಮೆತ್ತನೆಯ ಅಳತೆ ಟೇಪು, ಮಟ್ಟಸವಾದ ಮೇಜು, ನಿಮಗೆ ಚೆನ್ನಾಗಿ ಆಗುವ ಒಂದು ಹಳೇ ಅಂಗಿ, ಮೊಬೈಲ್, ಒಂದು ಹಾಳೆ. ಮೇಜು ಇಲ್ಲದಿದ್ದರೆ ನೆಲವೇ ಆಗುತ್ತದೆ. ಹಾಸಿಗೆಯ ಮೇಲೆ ಮಾತ್ರ ಬೇಡ, ಬಟ್ಟೆ ಒಳಗೆ ಇಳಿದು ಅಳತೆ ತಪ್ಪುತ್ತದೆ.

ಟೇಪನ್ನು ಮೊದಲು ಪರೀಕ್ಷೆ ಮಾಡಿ. ವರ್ಷಗಟ್ಟಲೆ ಎಳೆದ ಟೇಪು ಹಿಗ್ಗಿರುತ್ತದೆ. ಮಕ್ಕಳ ಶಾಲೆಯ ಸ್ಕೇಲಿನ ಪಕ್ಕ ಇಟ್ಟು 12 ಇಂಚು ಸರಿ ಹೊಂದುತ್ತದಾ ನೋಡಿ. ತುದಿಯ ತಗಡು ಕಿತ್ತುಹೋಗಿದ್ದರೆ ಒಂದನೇ ಇಂಚಿನಿಂದ ಶುರು ಮಾಡಿ ಕೊನೆಗೆ ಒಂದು ಕಳೆಯಿರಿ. ಕಬ್ಬಿಣದ ಗಾರೆ ಟೇಪು ಅಂಗಿಗೆ ಸರಿಯಾಗುವುದಿಲ್ಲ.

## ಹಂತ 1: ಅಂಗಿಯನ್ನು ಬಂದ ಹಾಗೇ ಉಳಿಸಿಕೊಳ್ಳಿ

ನಮ್ಮ ಕಡೆ ಬದಲಾವಣೆ ಕೆಡುವುದು ಹೆಚ್ಚಾಗಿ ಇಲ್ಲೇ. ಹೊಸ ಬಟ್ಟೆ ಬಂದ ಕೂಡಲೇ ಮನೆಯಲ್ಲಿ ಮೂಲೆಗೆ ಅರಿಶಿನ-ಕುಂಕುಮ ಹಚ್ಚಿ ದೇವರ ಮುಂದೆ ಇಡುತ್ತಾರೆ. ಬಿಳಿ ಅಂಗಿಯ ಅಂಚಿಗೆ ಕುಂಕುಮ ತಗುಲಿದರೆ ಅದು ಬಳಸಿದ ಬಟ್ಟೆ ಎಂದೇ ಲೆಕ್ಕ. ಯಾವ ಪತ್ರವೂ ಆಮೇಲೆ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಅಮ್ಮನಿಗೋ ಹೆಂಡತಿಗೋ ಮೊದಲೇ ಹೇಳಿಡಿ: ಹಾಕಿ ನೋಡಿ ಸರಿ ಆಯಿತು ಅಂದಮೇಲೆ ಕುಂಕುಮ.

ಹಾಕಿ ನೋಡುವಾಗ ಬನಿಯನ್ ಮೇಲೆ ಹಾಕಿ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ದಿನ ಬೇಡ, ಕಾಲರಿನ ಒಳಗಡೆ ಜಿಡ್ಡು ಹತ್ತುತ್ತದೆ. ಟ್ಯಾಗು ಕೀಳಬೇಡಿ, ಗುಂಡುಸೂಜಿ, ಕಾಲರಿನ ರಟ್ಟು, ಬಂದ ಕವರು ಎಲ್ಲ ಒಂದು ಕಡೆ ಇಟ್ಟುಕೊಳ್ಳಿ. ತೊಳೆಯಲೇಬಾರದು. ಇಸ್ತ್ರಿಯೂ ಬೇಡ.

ಅದೇ ದಿನ ಆರ್ಡರಿನ ಪುಟ ತೆಗೆದು ಎರಡು ವಿಷಯ ನೋಡಿ. ಬದಲಾವಣೆಗೆ ಎಷ್ಟು ದಿನ ಕೊಟ್ಟಿದ್ದಾರೆ, ವಾಪಸ್ ಕಳಿಸುವ ಖರ್ಚು ಯಾರದು. ದಿನ ಎಣಿಸುವುದು ಸಾಮಾನ್ಯವಾಗಿ ಪಾರ್ಸೆಲ್ ತಲುಪಿತು ಎಂದು ಅವರಲ್ಲಿ ದಾಖಲಾದ ದಿನದಿಂದ. ಪಾರ್ಸೆಲ್ ಪೇಟೆಯ ಯಾವುದೋ ಅಂಗಡಿಯಲ್ಲಿ ಇಳಿದು, ನೀವು ನಾಲ್ಕು ದಿನ ಬಿಟ್ಟು ತೋಟದಿಂದ ಬಂದು ಎತ್ತಿಕೊಂಡಿದ್ದರೆ ಆ ನಾಲ್ಕು ದಿನ ಆಗಲೇ ಹೋಗಿರುತ್ತದೆ. ಮಳೆಗಾಲದಲ್ಲಿ ದೇವಿಮನೆ ಘಟ್ಟವೋ ಅರಬೈಲ್ ಘಟ್ಟವೋ ಕುಸಿದರೆ ವಾಪಸ್ ಹೋಗುವುದೂ ತಡ. ಹಾಗಾಗಿ ಪತ್ರ ಮಾತ್ರ ಅವಧಿಯ ಒಳಗೇ ಹೋಗಿರಬೇಕು. ಅಂಗಿ ಆಮೇಲೆ ತಲುಪಿದರೂ ವಾದಿಸಬಹುದು.

## ಹಂತ 2: ಎಲ್ಲಿ ಬಿಗಿ ಎಂದು ಕಂಡುಕೊಳ್ಳಿ

ಎಲ್ಲ ಗುಂಡಿ ಹಾಕಿ ಕನ್ನಡಿ ಮುಂದೆ ನಿಂತುಕೊಳ್ಳಿ. ಗುಂಡಿಯಿಂದ ಎರಡೂ ಪಕ್ಕಕ್ಕೆ ಅಡ್ಡ ನಿರಿಗೆ ಹೊರಟಿದ್ದರೆ ಆ ಗುಂಡಿಯ ಮಟ್ಟದಲ್ಲಿ ಬಟ್ಟೆ ಸಾಲದು. ಎರಡನೇ-ಮೂರನೇ ಗುಂಡಿಯಲ್ಲಿ ಕಂಡರೆ ಎದೆ, ನಾಲ್ಕು-ಐದರಲ್ಲಿ ಕಂಡರೆ ಹೊಟ್ಟೆ. ಕೈ ಮುಂದೆ ಚಾಚಿದಾಗ ಬೆನ್ನು ಬಿಗಿದು ಕಫ್ ಮೇಲೆ ಓಡಿದರೆ ಹೆಗಲು ಸಣ್ಣದು.

ಇಷ್ಟಕ್ಕೇ ಬಿಡಬೇಡಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನೋಡಿ. ಉಪನಯನಕ್ಕೆ ಹೋದವರು ಪಂಕ್ತಿಯಲ್ಲಿ ಕೂರಲೇಬೇಕಲ್ವಾ? ಕೂತಾಗ ಹೊಟ್ಟೆಯ ಸುತ್ತಳತೆ ಒಂದೆರಡು ಇಂಚು ಹೆಚ್ಚುತ್ತದೆ. ನಮ್ಮ ಬೆಳೆಗಾರರಿಗೆ ನಿಂತಾಗ ಎದೆ ಹೇಗೋ ಹಿಡಿಯುತ್ತಿತ್ತು. ಕೂತ ಕೂಡಲೇ ನಾಲ್ಕನೇ ಗುಂಡಿಯ ಎಡೆಯಿಂದ ಬನಿಯನ್ ಕಂಡಿತು. ಅಂದರೆ ಅವರ ತೊಂದರೆ ಹೊಟ್ಟೆಯದ್ದು. ಅವರು ತಾವೇ ಬರೆದಿದ್ದ ಮೊದಲ ಪತ್ರದಲ್ಲಿ ಹೊಟ್ಟೆಯ ಮಾತೇ ಇರಲಿಲ್ಲ.

ಇಲ್ಲೊಂದು ಎಚ್ಚರಿಕೆ. "ಟೇಲರ್ ಹತ್ತಿರ ಸ್ವಲ್ಪ ಬಿಡಿಸಿಕೊಂಡರೆ ಆಯಿತು" ಅಂತ ಹೊಲಿಗೆ ಬಿಚ್ಚಬೇಡಿ. ರೆಡಿಮೇಡ್ ಅಂಗಿಯ ಪಕ್ಕದ ಹೊಲಿಗೆಯನ್ನು ಮಡಚಿ ಎರಡು ಸಾಲು ಹೊಡೆದಿರುತ್ತಾರೆ. ಒಳಗೆ ಬಿಡಿಸಲು ಬಟ್ಟೆಯೇ ಇರುವುದಿಲ್ಲ. ಅಂಗಿಯೂ ಹೋಯಿತು, ಬದಲಾವಣೆಯೂ ಹೋಯಿತು.

## ಹಂತ 3: ಅಂಗಿಯನ್ನು ಅಳೆಯಿರಿ, ಮೈಯನ್ನಲ್ಲ

ಜಾಸ್ತಿ ಜನ ತಪ್ಪುವುದು ಈ ಹಂತದಲ್ಲಿ. "ನನ್ನ ಎದೆ 40" ಎಂದು ಬರೆಯುತ್ತಾರೆ. ಅಂಗಿಯ ಸುತ್ತಳತೆ ಮೈಗಿಂತ ಮೂರು-ನಾಲ್ಕು ಇಂಚು ದೊಡ್ಡದಿದ್ದರೇ ಕೈ ಆಡಿಸಲು ಆಗುವುದು. ಹೀಗಾಗಿ 40 ಎದೆಯವರ ಅಂಗಿಯ ಸುತ್ತಳತೆ 43-44 ಇರುತ್ತದೆ. ಕೆಲವು ಚಾರ್ಟ್ ಮೈಯ ಅಳತೆ ಕೊಡುತ್ತವೆ, ಕೆಲವು ಅಂಗಿಯ ಅಳತೆ. ಚಾರ್ಟಿನಲ್ಲಿ ಸೈಜ್ 40ರ ಮುಂದೆ ಎದೆ 40 ಎಂದೇ ಇದ್ದರೆ ಅದು ಮೈಯದ್ದು, 42 ಮೇಲ್ಪಟ್ಟು ಇದ್ದರೆ ಅಂಗಿಯದ್ದು ಎಂದು ಹೆಚ್ಚುಕಡಿಮೆ ತಿಳಿಯಬಹುದು. ಇದನ್ನು ಮೊದಲು ನೋಡಿಕೊಳ್ಳದಿದ್ದರೆ ಎರಡನ್ನೂ ಕಲಸಿ ಬರೆದು, "ಸರಿಯಾಗೇ ಇದೆಯಲ್ಲ" ಅನ್ನುವ ಉತ್ತರ ತರಿಸಿಕೊಳ್ಳುತ್ತೀರಿ.

ಅಂಗಿಯ ಎಲ್ಲ ಗುಂಡಿ ಹಾಕಿ ಮೇಜಿನ ಮೇಲೆ ಅಂಗಾತ ಹರಡಿ. ಕೈಯಿಂದ ಸುಕ್ಕು ಸವರಿ ತೆಗೆಯಿರಿ, ಎಳೆಯಬೇಡಿ.

ಎದೆ. ಎರಡೂ ಕಂಕುಳ ಹೊಲಿಗೆ ಸೇರುವ ಜಾಗದಿಂದ ಒಂದು ಇಂಚು ಕೆಳಗೆ, ಈ ಅಂಚಿನಿಂದ ಆ ಅಂಚಿಗೆ ನೇರ. ಬಂದದ್ದು ಅರ್ಧ ಸುತ್ತು. ಎರಡರಿಂದ ಗುಣಿಸಿದರೆ ಪೂರ್ತಿ ಸುತ್ತಳತೆ.

ಹೊಟ್ಟೆ. ನಾಲ್ಕನೇ ಅಥವಾ ಐದನೇ ಗುಂಡಿ, ಎಲ್ಲಿ ಬಿಗಿಯೋ ಆ ಮಟ್ಟದಲ್ಲಿ. ಚಾರ್ಟಿನಲ್ಲಿ ಈ ಅಳತೆ ಹೆಚ್ಚಾಗಿ ಇರುವುದಿಲ್ಲ. ಇಲ್ಲದಿದ್ದರೂ ನೀವು ಅಳೆಯಿರಿ. ಪಕ್ಕ ಒಳಗೆ ಬಾಗಿ ಹೊಲಿದ ಅಂಗಿಯಲ್ಲಿ ಎದೆ ಸರಿ ಇದ್ದು ಹೊಟ್ಟೆ ಸಣ್ಣದಾಗಿರುತ್ತದೆ.

ಹೆಗಲು. ಅಂಗಿಯನ್ನು ಬೋರಲು ಹಾಕಿ. ತೋಳು ಕೂಡುವ ಹೊಲಿಗೆಯಿಂದ ಇನ್ನೊಂದು ತೋಳಿನ ಹೊಲಿಗೆಗೆ ಬೆನ್ನಿನ ಮೇಲೆ ನೇರವಾಗಿ.

ಉದ್ದ ಮತ್ತು ತೋಳು. ಉದ್ದ ಅಂದರೆ ಕಾಲರ್ ಬುಡ ಹೆಗಲಿಗೆ ಕೂಡುವಲ್ಲಿಂದ ಕೆಳ ಅಂಚಿನವರೆಗೆ. ತೋಳು ಅಂದರೆ ಹೆಗಲ ಹೊಲಿಗೆಯಿಂದ ಕಫ್ ತುದಿಗೆ.

ಒಂದೊಂದನ್ನೂ ಎರಡು ಸಲ ಅಳೆಯಿರಿ. ಎರಡರ ನಡುವೆ ಕಾಲು ಇಂಚಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಬಟ್ಟೆ ಎಳೆದಿದ್ದೀರಿ ಎಂದೇ ಅರ್ಥ, ಮತ್ತೆ ಹರಡಿ. ಇಪ್ಪತ್ತು ಮುಕ್ಕಾಲು ಬಂದರೆ 20.75 ಎಂದು ಬರೆಯಿರಿ. 20.3 ಎಂದು ಬರೆದವರನ್ನು ನೋಡಿದ್ದೇನೆ. ಟೇಪಿನಲ್ಲಿ ಮೂರನೇ ಕಾಲುಗೆರೆ ಅಂತ ಅವರ ಲೆಕ್ಕ, ಓದುವವನಿಗೆ ಅದು ಕಾಲು ಇಂಚಿನ ಹತ್ತಿರ!

ಆಮೇಲೆ ಹಳೇ ಅಂಗಿಯನ್ನೂ ಅದೇ ಮೇಜಿನ ಮೇಲೆ, ಅದೇ ಟೇಪಿನಲ್ಲಿ, ಅದೇ ಕ್ರಮದಲ್ಲಿ ಅಳೆಯಿರಿ. ಹೊಸದು ಹತ್ತಿಯಾದರೆ ಹಳೆಯದೂ ಹತ್ತಿಯದ್ದೇ ಆಗಿರಲಿ. ಟೀ-ಶರ್ಟ್ ತರಬೇಡಿ, ಅದು ಹಿಗ್ಗುವ ಬಟ್ಟೆ.

## ಹಂತ 4: ಮೂರು ಅಳತೆ ಅಕ್ಕಪಕ್ಕ ಬರೆದು ನೋಡಿ

ಆ ಅಂಗಿಯ ಲೆಕ್ಕ ಹೀಗೆ ಬಂತು. ಎಲ್ಲ ಇಂಚಿನಲ್ಲಿ. ಎದೆ, ಹೊಟ್ಟೆ ಎರಡೂ ಮೇಜಿನ ಮೇಲೆ ಹರಡಿದ ಅರ್ಧ ಸುತ್ತು.

| ಭಾಗ | ಚಾರ್ಟ್ (40) | ಬಂದ ಅಂಗಿ | ಹಳೇ ಅಂಗಿ |
|---|---|---|---|
| ಎದೆ | 21.5 | 20.75 | 22 |
| ಹೊಟ್ಟೆ | ಕೊಟ್ಟಿಲ್ಲ | 20.25 | 22 |
| ಹೆಗಲು | 18 | 17.75 | 18.25 |
| ಉದ್ದ | 29.5 | 29.5 | 29 |
| ತೋಳು | 25 | 24.75 | 24.5 |

ಚಾರ್ಟಿನಲ್ಲಿ ಎದೆ 43 ಎಂದು ಪೂರ್ತಿ ಸುತ್ತು ಕೊಟ್ಟಿದ್ದರು, ಅರ್ಧ ಮಾಡಿ 21.5 ಎಂದು ಬರೆದುಕೊಂಡೆವು. ಬಂದ ಅಂಗಿ ಸುತ್ತಳತೆಯಲ್ಲಿ ಚಾರ್ಟಿಗಿಂತ ಒಂದೂವರೆ ಇಂಚು ಕಡಿಮೆ. ಅವರ ಮೈಯ ಹೊಟ್ಟೆ 41, ಅಂಗಿಯ ಹೊಟ್ಟೆ 40.5. ಗುಂಡಿ ಎಳೆಯದೆ ಇನ್ನೇನಾಗಬೇಕು?

ಇಲ್ಲಿ ಪತ್ರದ ದಾರಿ ಎರಡಾಗುತ್ತದೆ. ಬಂದ ಅಂಗಿ ಚಾರ್ಟಿಗೆ ಹೊಂದುತ್ತಿದ್ದರೆ ತಪ್ಪು ನಿಮ್ಮದು. ಆಗ ಅದನ್ನು ಒಪ್ಪಿಕೊಂಡು, ಅವರ ನಿಯಮದ ಪ್ರಕಾರ ಬದಲಾವಣೆ ಕೇಳಬೇಕು. ಕೊರಿಯರ್ ಖರ್ಚೂ ನಿಮ್ಮದೇ ಆಗಬಹುದು. ಚಾರ್ಟಿಗಿಂತ ಸಣ್ಣದಿದ್ದರೆ ತಾವು ಹೇಳಿದ ವಸ್ತುವನ್ನು ಅವರು ಕಳಿಸಿಲ್ಲ. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಕ್ಕೆ ಹೊಂದದ ವಸ್ತುವನ್ನು ವಾಪಸ್ ತೆಗೆದುಕೊಳ್ಳಲು ಮಾರಾಟಗಾರ ನಿರಾಕರಿಸುವಂತಿಲ್ಲ. ಆದರೆ ಅರ್ಧ ಸುತ್ತಿನಲ್ಲಿ ಕಾಲು ಇಂಚಿನ ವ್ಯತ್ಯಾಸಕ್ಕೆಲ್ಲ ಈ ಮಾತು ತೆಗೆಯಬೇಡಿ. ಹೊಲಿಗೆಯಲ್ಲಿ ಅಷ್ಟು ಹೆಚ್ಚುಕಡಿಮೆ ಆಗುವುದೇ. ಮುಕ್ಕಾಲು ಇಂಚು ಆಗುವುದಿಲ್ಲ.

## ಹಂತ 5: ಯಾವ ಸೈಜ್ ಕೇಳಬೇಕು?

"ಮುಂದಿನ ಸೈಜ್" ಎಂದು ಸುಮ್ನೆ ಬರೆಯಬೇಡಿ. ಚಾರ್ಟಿನಲ್ಲಿ 42ರ ಎದೆ 45, ಅಂದರೆ ಅರ್ಧ 22.5. ಹಳೇ ಅಂಗಿ 22 ಇದೆ, ಹಾಗಾದರೆ 42 ಸರಿ ಅನ್ನಿಸುತ್ತದೆ. ಆದರೆ 40ರಲ್ಲಿ ಮುಕ್ಕಾಲು ಇಂಚು ಕಡಿಮೆ ಹೊಲಿದವರು 42ರಲ್ಲೂ ಹಾಗೇ ಮಾಡಿದ್ದರೆ? 21.75 ಬರುತ್ತದೆ, ಹಳೇ ಅಂಗಿಗಿಂತ ಕಡಿಮೆ. ಎರಡನೇ ಅಂಗಿಯೂ ಬಿಗಿಯಾಗುವುದು ಹೀಗೆ.

ಮತ್ತೊಂದು ಲೆಕ್ಕವೂ ಇದೆ. ಹಳೇ ಅಂಗಿ ಹತ್ತಾರು ಸಲ ತೊಳೆದು ಕುಗ್ಗಿ ನಿಂತದ್ದು. ಹೊಸ ಹತ್ತಿ ಇನ್ನೂ ಕುಗ್ಗಬೇಕು. ಉದ್ದಕ್ಕೆ ಹೆಚ್ಚು, ಅಗಲಕ್ಕೆ ಸ್ವಲ್ಪ ಕಡಿಮೆ. ಅದಕ್ಕೆಂದು ಅರ್ಧ ಸುತ್ತಿಗೆ ಕಾಲು ಇಂಚು ಸೇರಿಸಿಕೊಂಡೆವು. ಅಲ್ಲಿಗೆ ಬೇಕಾದದ್ದು 22.25.

ಹೀಗಾಗಿ ಸೈಜಿನ ಜೊತೆ ಷರತ್ತೂ ಬರೆದೆವು: 42 ಕೊಡಿ, ಆದರೆ ಹರಡಿ ಅಳೆದಾಗ ಎದೆ, ಹೊಟ್ಟೆ ಎರಡೂ ಕನಿಷ್ಠ 22.25 ಇರಲಿ. ಇಲ್ಲವಾದರೆ 44. ಬರೇ 44 ಕೇಳಿದ್ದರೆ ಹೆಗಲು 19 ಆಗಿ ತೋಳಿನ ಮೇಲೆ ಜಾರುತ್ತಿತ್ತು. ಅದಕ್ಕೇ 44 ಎರಡನೇ ಆಯ್ಕೆ.

## ಹಂತ 6: ಪತ್ರ

ವಿಷಯದ ಸಾಲಿನಲ್ಲೇ ಆರ್ಡರ್ ಸಂಖ್ಯೆ, ಈಗಿನ ಸೈಜ್, ಬೇಕಾದ ಸೈಜ್ ಬರಲಿ. ಓದುವವನು ದಿನಕ್ಕೆ ಹತ್ತಾರು ಪತ್ರ ನೋಡುತ್ತಾನೆ. "ಬೇಸರದ ವಿಷಯ" ಅಂತ ಶುರು ಮಾಡಿದರೆ ಕೆಳಗಿನವರೆಗೆ ಹೋಗುವುದೇ ಇಲ್ಲ. ನಾವು ಕಳಿಸಿದ್ದು ಇದು:

> ವಿಷಯ: ಆರ್ಡರ್ ಸಂಖ್ಯೆ ______: ಬಿಳಿ ಹತ್ತಿ ಅಂಗಿ, ಸೈಜ್ 40ರಿಂದ 42ಕ್ಕೆ ಬದಲಾವಣೆ
>
> ನಮಸ್ಕಾರ,
>
> ಮೇಲಿನ ಆರ್ಡರಿನ ಅಂಗಿ ದಿನಾಂಕ ______ ರಂದು ನನಗೆ ತಲುಪಿದೆ. ಸೈಜ್ 40 ನನಗೆ ಎದೆ ಮತ್ತು ಹೊಟ್ಟೆಯಲ್ಲಿ ಬಿಗಿಯಾಗಿದೆ. ದಯವಿಟ್ಟು ದೊಡ್ಡ ಸೈಜಿಗೆ ಬದಲಿಸಿಕೊಡಿ.
>
> ಗುಂಡಿ ಹಾಕಿ, ಮೇಜಿನ ಮೇಲೆ ಹರಡಿ ಅಳೆದದ್ದು (ಅರ್ಧ ಸುತ್ತು):
> ಎದೆ, ಕಂಕುಳಿನಿಂದ 1 ಇಂಚು ಕೆಳಗೆ: 20.75 ಇಂಚು (52.7 ಸೆಂ.ಮೀ.). ನಿಮ್ಮ ಚಾರ್ಟಿನ ಪ್ರಕಾರ 21.5 ಇರಬೇಕಿತ್ತು.
> ಹೊಟ್ಟೆ, 4ನೇ ಗುಂಡಿಯ ಮಟ್ಟದಲ್ಲಿ: 20.25 ಇಂಚು (51.4 ಸೆಂ.ಮೀ.).
> ಹೆಗಲು 17.75, ಉದ್ದ 29.5, ತೋಳು 24.75. ಇವುಗಳಲ್ಲಿ ತೊಂದರೆ ಇಲ್ಲ.
>
> ನನಗೆ ಸರಿಯಾಗುವ ಅಂಗಿಯಲ್ಲಿ ಎದೆ, ಹೊಟ್ಟೆ ಎರಡೂ 22 ಇಂಚು, ಹೆಗಲು 18.25.
>
> ಸೈಜ್ 42 ಕಳಿಸುವ ಮೊದಲು ದಯವಿಟ್ಟು ಅಂಗಿಯನ್ನು ಹರಡಿ ಅಳೆದು ನೋಡಿ. ಎದೆ, ಹೊಟ್ಟೆ ಕನಿಷ್ಠ 22.25 ಇಂಚು (56.5 ಸೆಂ.ಮೀ.) ಇದ್ದರೆ 42 ಕಳಿಸಿ. ಇಲ್ಲದಿದ್ದರೆ 44. ಎರಡೂ ಇಲ್ಲವಾದರೆ ಹಣ ವಾಪಸ್ ಮಾಡಿ.
>
> ಅಂಗಿ ಉಟ್ಟಿಲ್ಲ, ತೊಳೆದಿಲ್ಲ, ಟ್ಯಾಗು ಹಾಗೇ ಇದೆ. ಬಂದ ಅಂಗಿ ಚಾರ್ಟಿಗಿಂತ ಸಣ್ಣದಿರುವುದರಿಂದ ವಾಪಸ್ ಕಳಿಸುವ ಖರ್ಚು ನಿಮ್ಮ ಕಡೆಯಿಂದ ಆಗಬೇಕೆಂದು ಕೇಳಿಕೊಳ್ಳುತ್ತೇನೆ. ಕಾರ್ಯಕ್ರಮ ______ ರಂದು ಇದೆ, ಅದಕ್ಕೆ ನಾಲ್ಕು ದಿನ ಮೊದಲು ಸಿಕ್ಕರೆ ಉಪಕಾರ.
>
> ಫೋಟೋ ಮೂರು ಲಗತ್ತಿಸಿದ್ದೇನೆ.
>
> ಹೆಸರು, ವಿಳಾಸ, ಪಿನ್ ______, ಫೋನ್

ಸರಿ ಇರುವ ಅಳತೆಯನ್ನೂ ಬರೆದದ್ದು ಬೇಕೆಂದೇ. ಎಲ್ಲವೂ ಕೆಟ್ಟದು ಎಂದರೆ ಓದುವವನಿಗೆ ಅನುಮಾನ ಬರುತ್ತದೆ. ಸೆಂಟಿಮೀಟರ್ ಬೇಕಾದರೆ ಇಂಚನ್ನು 2.54ರಿಂದ ಗುಣಿಸಿ. ಇಲ್ಲವೇ ಟೇಪು ತಿರುಗಿಸಿ ಓದಿ, ಹಿಂಬದಿ ಇರುತ್ತದೆ. ಮಾರಾಟಗಾರ ಕನ್ನಡ ಬಾರದವನಾದರೆ ಅವನಿಗೆ ತಿಳಿಯುವ ಭಾಷೆಯಲ್ಲಿ ಇದೇ ಕ್ರಮ. ಅಂಕಿ ಎಲ್ಲಿಯೂ ಬದಲಾಗುವುದಿಲ್ಲ.

ಫೋಟೋ ಮೂರು ಸಾಕು. ಟ್ಯಾಗು ಮತ್ತು ಸೈಜ್ ಪಟ್ಟಿ ಒಂದರಲ್ಲಿ. ಎದೆಯ ಮೇಲೆ ಟೇಪು ಇಟ್ಟದ್ದು ಇನ್ನೊಂದರಲ್ಲಿ, ಸೊನ್ನೆಯ ತುದಿಯೂ ಕೊನೆಯ ಅಂಕಿಯೂ ಕಾಣಬೇಕು. ಹೊಟ್ಟೆಯದ್ದು ಮೂರನೆಯದು. ಓರೆಯಾಗಿ ತೆಗೆದರೆ ಅಂಕಿ ಅರ್ಧ ಇಂಚು ತಪ್ಪಾಗಿ ಕಾಣುತ್ತದೆ, ಮೇಲಿನಿಂದ ನೇರವಾಗಿ ತೆಗೆಯಿರಿ. ಮೈಮೇಲೆ ಹಾಕಿಕೊಂಡ ಫೋಟೋ ಬೇಡ. ಉಟ್ಟಿದ್ದೀರಿ ಅನ್ನುವುದಕ್ಕೆ ಅದೇ ಸಾಕ್ಷಿ ಆದೀತು.

## ಹಂತ 7: ಕಳಿಸಿದ ಮೇಲೆ

ಫೋನಿನಲ್ಲಿ ಮಾತಾಡಿ "ಆಯಿತು ಸರ್" ಅನ್ನಿಸಿಕೊಂಡರೆ ಮುಗಿಯಲಿಲ್ಲ. ಅದೇ ಮಾತನ್ನು ಎರಡು ಸಾಲು ಮೇಲ್ ಮಾಡಿ ಇಟ್ಟುಕೊಳ್ಳಿ. ಒಪ್ಪಿಗೆ ಬರುವ ಮೊದಲೇ ಅಂಗಿಯನ್ನು ನೀವಾಗಿ ಕಳಿಸಬೇಡಿ. ಹೋದ ಅಂಗಿ ಯಾರ ಟೇಬಲ್ಲಿನಲ್ಲಿದೆ ಅಂತ ಹುಡುಕುವುದೇ ಕೆಲಸವಾಗುತ್ತದೆ.

ಹಳ್ಳಿಗೆ ಕೊರಿಯರ್‌ನವರು ಎತ್ತಿಕೊಳ್ಳಲು ಬರುವುದಿಲ್ಲ ಎಂದರೆ ಸ್ಪೀಡ್ ಪೋಸ್ಟ್ ಮಾಡಿ. ಒಳಗೊಂದು ಚೀಟಿ ಇಡಿ: ಆರ್ಡರ್ ಸಂಖ್ಯೆ, ಬೇಕಾದ ಸೈಜ್, ಆ 22.25ರ ಸಾಲು. ಮೇಲ್ ಓದಿದವನು ಒಬ್ಬ, ಕಟ್ಟು ಬಿಚ್ಚುವವನು ಇನ್ನೊಬ್ಬ ಇರುತ್ತಾನೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರು ಎರಡು ಪದರ ಇರಲಿ, ರಸೀದಿಯ ಫೋಟೋ ತೆಗೆದುಕೊಳ್ಳಿ. ನೀರಿನ ಕಲೆ ಬಿದ್ದ ಬಿಳಿ ಅಂಗಿ ತಲುಪಿದರೆ ವಾದ ಮತ್ತೆ ಮೊದಲಿನಿಂದ.

ಅಪಾಯದ ಗುರುತು. ಬದಲಾವಣೆಗೆ ಓಟಿಪಿ ಹೇಳಿ, ಕ್ಯೂಆರ್ ಸ್ಕ್ಯಾನ್ ಮಾಡಿ, ಈ ಆ್ಯಪ್ ಹಾಕಿಕೊಳ್ಳಿ ಎಂದು ಯಾರಾದರೂ ಕೇಳಿದರೆ ಅದು ಮೋಸ. ಹಣ ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ, ಯುಪಿಐ ಪಿನ್ ಒತ್ತಬೇಕಿಲ್ಲ. ಇಂಥವರು ಸಿಗುವುದು ಹೆಚ್ಚಾಗಿ ಗೂಗಲ್‌ನಲ್ಲಿ ಹುಡುಕಿದ ಕಸ್ಟಮರ್ ಕೇರ್ ನಂಬರಿನಲ್ಲಿ. ಬಿಲ್ಲಿನಲ್ಲಿ ಅಥವಾ ಅವರದೇ ವೆಬ್‌ಸೈಟಿನಲ್ಲಿ ಇರುವ ವಿಳಾಸಕ್ಕೆ ಮಾತ್ರ ಬರೆಯಿರಿ. ಹಣ ಹೋಗಿಯೇ ಬಿಟ್ಟರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಉತ್ತರ ಬರದಿದ್ದರೆ. ಎರಡು ದಿನ ನೋಡಿ, ಅದೇ ಮೇಲ್‌ಗೆ ಉತ್ತರವಾಗಿ ಮತ್ತೆ ಕಳಿಸಿ. ಹೊಸದಾಗಿ ಬರೆದರೆ ಹಳೇ ದಿನಾಂಕ ಕಾಣಿಸುವುದಿಲ್ಲ. ಈ ಸಲ ವೆಬ್‌ಸೈಟಿನಲ್ಲಿ ಹೆಸರು ಕೊಟ್ಟಿರುವ ಕುಂದುಕೊರತೆ ಅಧಿಕಾರಿಗೂ ಪ್ರತಿ ಹೋಗಲಿ. ಅದೇ 2020ರ ನಿಯಮಗಳ ಪ್ರಕಾರ ಅವರು 48 ಗಂಟೆಯಲ್ಲಿ ದೂರು ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಅದಕ್ಕೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಫೋನ್ ಮಾಡುವ ಮೊದಲು ಆ ಮೂರು ಅಳತೆಯ ಹಾಳೆ ಕೈಯಲ್ಲಿರಲಿ.

## ಹಂತ 8: ಹೊಸ ಅಂಗಿ ಬಂದಾಗ

ನಮ್ಮ ಬೆಳೆಗಾರರಿಗೆ ಮೂರನೇ ದಿನ ಉತ್ತರ ಬಂತು. 42ರ ಅಂಗಿಗಳನ್ನು ಅಳೆದು ನೋಡಿದ್ದಾರೆ, ಮೊದಲ ಎರಡು 21.75 ಬಂದಿವೆ, ಬೇರೆ ಕಟ್ಟಿನಲ್ಲಿ 22.5ರದ್ದು ಸಿಕ್ಕಿದೆ, ಅದನ್ನು ಕಳಿಸುತ್ತೇವೆ ಎಂದು. ಸುಮ್ನೆ 42 ಎಂದು ಕೇಳಿದ್ದರೆ ಆ 21.75ರದ್ದೇ ಬರುತ್ತಿತ್ತು.

ಅಂಗಿ ಬಂದ ದಿನ ಅವರು ಅದನ್ನು ಬಿಚ್ಚದೆ ನೇರ ನನ್ನ ಅಂಗಡಿಗೇ ತಂದರು. ಝೆರಾಕ್ಸ್ ಮಷೀನಿನ ಮುಚ್ಚಳದ ಮೇಲೆ ಹರಡಿ ಟೇಪು ಇಟ್ಟೆವು. ಎದೆ 22.5, ಹೊಟ್ಟೆ 22.25. ಒಳಗೆ ಹೋಗಿ ಹಾಕಿಕೊಂಡು, ಪೇಪರ್ ಬಂಡಲಿನ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಗುಂಡಿ ನೋಡಿಕೊಂಡರು. ಆಮೇಲೆ ಮನೆಗೆ ಫೋನ್ ಮಾಡಿ "ಕುಂಕುಮ ತೆಗ್ದಿಡು" ಅಂದರು.